ಮಂಡಿ ಆಪರೇಷನ್ ಆದವರಿಗೆ ಫಿಸಿಯೋ ಕಳಿಸುವ ಮೆಸೇಜ್: ಬಾಗುವುದಕ್ಕಿಂತ ಮೊದಲು ನೇರವಾಗಲಿ

ಪ್ರಶ್ನೆ: ಅಮ್ಮನಿಗೆ ಮಂಡಿ ಬದಲಾವಣೆ ಆಪರೇಷನ್ ಆಗಿ ಹತ್ತು ದಿನ ಆಯ್ತು. ಫಿಸಿಯೋ ವಾಟ್ಸಾಪ್‌ನಲ್ಲಿ ಉದ್ದದ ಮೆಸೇಜ್ ಕಳಿಸಿದ್ದಾರೆ. ಎರಡು ವಾರಕ್ಕೆ 90 ಡಿಗ್ರಿ ಬಾಗಬೇಕು ಅಂತಿದೆ, ಇನ್ನೂ 70 ಕೂಡ ಆಗಿಲ್ಲ. ವ್ಯಾಯಾಮ ಎರಡರಷ್ಟು ಮಾಡಿಸಲಾ, ಇಲ್ಲಾ ಮನೆಗೇ ಫಿಸಿಯೋ ಕರೆಸಲಾ?

ಎರಡೂ ಆಮೇಲೆ ನೋಡೋಣ. ಮೊದಲು ಅಮ್ಮ ಮಲಗಿರುವ ಕೋಣೆಗೆ ಹೋಗಿ, ಅವರ ಮಂಡಿ ಕೆಳಗೆ ದಿಂಬು ಇದೆಯಾ ನೋಡಿ. ಇದ್ದರೆ ಈಗಲೇ ತೆಗೆಯಿರಿ.

ನನಗೂ ಬಲ ಮಂಡಿಗೆ ಇದೇ ಆಪರೇಷನ್ ಆಗಿದೆ. ಡಿಸ್ಚಾರ್ಜ್ ಆದ ಸಂಜೆ ಫಿಸಿಯೋ ಮೇಡಂ ಹೀಗೇ ಉದ್ದದ ಮೆಸೇಜ್ ಕಳಿಸಿದ್ದರು. ಮನೆಯವರೆಲ್ಲ ಓದಿದೆವು. ಎಲ್ಲರ ಕಣ್ಣೂ ಹೋಗಿದ್ದು ಆ 90ರ ಮೇಲೆ. ನೋಡಲು ಬಂದವರೂ "ಎಷ್ಟು ಬಾಗುತ್ತೆ?" ಅಂತಲೇ ಕೇಳುತ್ತಿದ್ದರು. ಎಷ್ಟು ನೇರವಾಗುತ್ತೆ ಅಂತ ಒಬ್ಬರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಮೆಸೇಜ್‌ನಲ್ಲಿ ಮಾತ್ರ ಸ್ಪಷ್ಟವಾಗಿ ಇತ್ತು: "ಮಲಗಿದಾಗ ಮಂಡಿ ಕೆಳಗೆ ದಿಂಬು ಇಡಬೇಡಿ. ಟವೆಲ್ ಸುತ್ತಿ ಹಿಮ್ಮಡಿ ಕೆಳಗೆ ಇಡಿ. ಮಂಡಿ ಹಿಂದೆ ಖಾಲಿ ಇರಲಿ. ಐದು ನಿಮಿಷದಿಂದ ಶುರು ಮಾಡಿ, ಹತ್ತು-ಹದಿನೈದಕ್ಕೆ ಏರಿಸಿ, ದಿನಕ್ಕೆ ಮೂರು ಸಲ."

ನಾನು ತದ್ವಿರುದ್ಧ ಮಾಡಿದೆ. ಅದು ಯಾಕೆ ಆಯ್ತು ಅಂತ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಏಕೆಂದರೆ ನಿಮ್ಮ ಮನೆಯಲ್ಲೂ ಇದೇ ದಾರಿಯಲ್ಲಿ ಆಗುತ್ತದೆ.

ಮೊದಲ ಕಾರಣ, ದಿಂಬು ಇಟ್ಟರೆ ನೋವು ನಿಜಕ್ಕೂ ಕಡಿಮೆಯಾಗುತ್ತದೆ. ಆಪರೇಷನ್ ಆದ ಮಂಡಿಯೊಳಗೆ ನೀರು, ರಕ್ತ ತುಂಬಿ ಊದಿರುತ್ತದೆ. ಮಂಡಿ ಸ್ವಲ್ಪ ಬಾಗಿದ್ದಾಗ ಒಳಗೆ ಜಾಗ ಜಾಸ್ತಿ, ಒತ್ತಡ ಕಡಿಮೆ. ಪೂರ್ತಿ ನೇರ ಮಾಡಿದರೆ ಒತ್ತಡ ಏರಿ ಸೆಳೆಯುತ್ತದೆ. ಹಾಗಾಗಿ ಕಾಲು ತಾನಾಗಿಯೇ ಅರೆಬಾಗಿಗೆ ಹೋಗುತ್ತದೆ, ದಿಂಬು ಅದನ್ನು ಅಲ್ಲೇ ಹಿಡಿದಿಡುತ್ತದೆ. ರಾತ್ರಿಯಿಡೀ ಹಾಗೇ ಇದ್ದರೆ ಮಂಡಿಯ ಹಿಂಭಾಗದ ಪೊರೆ ಮತ್ತು ತೊಡೆ ಹಿಂದಿನ ಸ್ನಾಯು ಆ ಗಿಡ್ಡ ಅಳತೆಗೇ ಒಗ್ಗಿಕೊಳ್ಳುತ್ತವೆ. ಗಾಯ ಮಾಯುವಾಗ ಒಳಗೆ ಕಟ್ಟುವ ಗಟ್ಟಿ ಅಂಗಾಂಶವೂ ಅದೇ ಅಳತೆಯಲ್ಲಿ ಕಟ್ಟುತ್ತದೆ.

ಎರಡನೆಯದು, ಮೆಸೇಜ್‌ನಲ್ಲೇ ಇದ್ದ ಇನ್ನೊಂದು ವ್ಯಾಯಾಮ. ಅದರಲ್ಲಿ ಟವೆಲ್ ಸುರುಳಿಯನ್ನು ಮಂಡಿ ಕೆಳಗೇ ಇಟ್ಟು, ಹಿಮ್ಮಡಿ ಮೇಲೆತ್ತಿ, ಐದು ಸೆಕೆಂಡ್ ಹಿಡಿದು ಇಳಿಸಬೇಕು. ತೊಡೆ ಮುಂದಿನ ಸ್ನಾಯುವಿಗೆ ಶಕ್ತಿ ಬರಲು ಅದು. ವಿಡಿಯೋ ನೋಡಿ, ಮಂಡಿ ಕೆಳಗೆ ಇಡಬಹುದು ಅಂತ ನಾವು ತಿಳಿದುಕೊಂಡೆವು. ಆ ಸುರುಳಿ ಇರಬೇಕಾದದ್ದು ವ್ಯಾಯಾಮದ ಹೊತ್ತಿಗೆ ಮಾತ್ರ, ಮುಗಿದ ತಕ್ಷಣ ತೆಗೆಯಬೇಕು. ನಾನು ಅದರ ಮೇಲೇ ಕಾಲಿಟ್ಟು ಟಿವಿ ನೋಡುತ್ತಿದ್ದೆ, ಅದರ ಮೇಲೇ ನಿದ್ದೆ ಹೋಗುತ್ತಿದ್ದೆ.

ಮರುಭೇಟಿಗೆ ಹೋದಾಗ ಮಂಡಿ 95 ಡಿಗ್ರಿ ಬಾಗಿತು. ಮನೆಯವರಿಗೆಲ್ಲ ಖುಷಿ. ಮೇಡಂ ನನ್ನನ್ನು ಮಲಗಿಸಿ, ಕಾಲು ನೇರ ಬಿಡಿ ಅಂದರು, ಮಂಡಿ ಹಿಂದೆ ಕೈ ತೂರಿಸಿದರು. ಅಂಗೈ ಪೂರ್ತಿ ಒಳಗೆ ಹೋಯಿತು. ಕೋನ ಅಳೆದರೆ ನೇರವಾಗಲು 15 ಡಿಗ್ರಿ ಬಾಕಿ.

ಹದಿನೈದು ತಾನೇ ಅನಿಸಬಹುದು. ಮಂಡಿ ನೇರವಾಗದಿದ್ದರೆ ನಿಂತಷ್ಟು ಹೊತ್ತೂ ತೊಡೆ ಮುಂದಿನ ಸ್ನಾಯು ಬಿಗಿಯಾಗೇ ಇರಬೇಕು, ಬಿಟ್ಟರೆ ಕಾಲು ಕುಸಿಯುತ್ತದೆ. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುವಷ್ಟರಲ್ಲಿ ತೊಡೆ ನಡುಗುತ್ತಿತ್ತು. ಆ ಕಾಲು ಗಿಡ್ಡವಾದಂತೆ ಕುಂಟುತ್ತಿದ್ದೆ, ಸೊಂಟ ನೋವು ಶುರುವಾಯಿತು. ಬಾಗುವುದು ಕಡಿಮೆಯಾದರೆ ಮೆಟ್ಟಿಲು ಹತ್ತುವಾಗ, ಕುರ್ಚಿಯಿಂದ ಏಳುವಾಗ ತೊಂದರೆ. ನೇರವಾಗುವುದು ಕಡಿಮೆಯಾದರೆ ಪ್ರತಿ ಹೆಜ್ಜೆಗೂ ತೊಂದರೆ. ಬಾಗು ಸಾಲದಿದ್ದರೆ ಅರಿವಳಿಕೆ ಕೊಟ್ಟು ಡಾಕ್ಟರೇ ಬಾಗಿಸಿ ಸಡಿಲ ಮಾಡುವ ದಾರಿಯೊಂದಿದೆ. ನೇರವಾಗದ ಮಂಡಿಗೆ ಆ ದಾರಿ ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ. ನಾನು ಆಮೇಲೆ ತಿಂಗಳುಗಟ್ಟಲೆ ಹಿಮ್ಮಡಿ ಕೆಳಗೆ ಟವೆಲ್ ಇಟ್ಟುಕೊಂಡು, ಮಂಡಿ ಚಿಪ್ಪಿನ ಮೇಲ್ಗಡೆ ತೊಡೆಯ ಮೇಲೆ ಮೇಡಂ ಹೇಳಿದಷ್ಟು ತೂಕದ ಮರಳುಚೀಲ ಹೇರಿಕೊಂಡು ಮಲಗಿದೆ. ಬಹುಪಾಲು ಸರಿಹೋಯಿತು. ಕೊನೆಯ ಐದು ಡಿಗ್ರಿ ಉಳಿದೇಬಿಟ್ಟಿತು.

ಈಗ ನಿಮ್ಮ ಅಮ್ಮನ ವಿಷಯ. ಎರಡರಷ್ಟು ಮಾಡಿಸಬೇಡಿ. ಹತ್ತನೇ ದಿನಕ್ಕೆ 70 ಆಗಿಲ್ಲ ಎಂದರೆ ಬಹಳ ಸಲ ತಡೆಯುತ್ತಿರುವುದು ಊತ. ಜಾಸ್ತಿ ಮಾಡಿಸಿದಷ್ಟೂ ಊತ ಏರುತ್ತದೆ, ಊತ ಏರಿದಷ್ಟೂ ಬಾಗುವುದಿಲ್ಲ. ಊತ ಮಂಡಿಯನ್ನು ತಡೆಯುವುದಷ್ಟೇ ಅಲ್ಲ, ತೊಡೆ ಸ್ನಾಯು ಬಿಗಿಯಾಗುವುದನ್ನೂ ತಗ್ಗಿಸುತ್ತದೆ. ಬಟ್ಟೆಯಲ್ಲಿ ಸುತ್ತಿದ ಐಸ್ 15-20 ನಿಮಿಷ ಇಡಿ. ಗಾಯ ಮತ್ತು ಪಟ್ಟಿ ಒದ್ದೆಯಾಗಬಾರದು. ಈ ಹಂತದಲ್ಲಿ ಬಿಸಿನೀರಿನ ಶಾಖ ಬೇಡ. ಕಾಲು ಎತ್ತರಿಸುವಾಗ ದಿಂಬು ಮೀನಖಂಡದಿಂದ ಹಿಮ್ಮಡಿಯವರೆಗೆ ಇರಲಿ. ಕಾಲ್ಬೆರಳು ಸೂರಿನ ಕಡೆ ನೋಡಬೇಕು. ಪಾದ ಹೊರಗೆ ವಾಲಿದರೆ ಮಂಡಿ ಗೊತ್ತಾಗದಂತೆ ಬಾಗಿಬಿಡುತ್ತದೆ. ಡಾಕ್ಟರ್ ಬರೆದುಕೊಟ್ಟ ನೋವಿನ ಮಾತ್ರೆಯನ್ನು ವ್ಯಾಯಾಮಕ್ಕೆ ಅರ್ಧ-ಮುಕ್ಕಾಲು ಗಂಟೆ ಮುಂಚೆ ಬರುವ ಹಾಗೆ ಹೊಂದಿಸಿಕೊಳ್ಳಿ. ನೋವು ಸಹಿಸಿಕೊಂಡು ಮಾತ್ರೆ ಉಳಿಸುವುದರಿಂದ ಏನೂ ಲಾಭವಿಲ್ಲ.

ನನ್ನ ಮೆಸೇಜ್‌ನಲ್ಲಿದ್ದ ಉಳಿದ ವ್ಯಾಯಾಮಗಳು ಸರಳ. ಎಚ್ಚರವಿರುವಾಗ ಗಂಟೆಗೊಮ್ಮೆ ಪಾದ ಮೇಲೆ-ಕೆಳಗೆ ಇಪ್ಪತ್ತು ಸಲ. ಮಂಡಿಯ ಹಿಂಭಾಗವನ್ನು ಹಾಸಿಗೆಗೆ ಒತ್ತಿ ತೊಡೆ ಬಿಗಿ ಹಿಡಿಯುವುದು, ಐದು ಸೆಕೆಂಡ್‌ನಂತೆ ಹತ್ತು ಸಲ. ಹಿಮ್ಮಡಿಯನ್ನು ಹಾಸಿಗೆ ಮೇಲೆ ಜಾರಿಸುತ್ತಾ ಮಂಡಿ ಬಾಗಿಸುವುದು, ಹತ್ತು ಸಲ. ಈ ಕೊನೆಯ ಎರಡು ವ್ಯಾಯಾಮಗಳನ್ನು ದಿನಕ್ಕೆ ಮೂರು ಸಲ ಮಾಡಬೇಕು. ಕಾಲನ್ನು ನೇರವಾಗಿ ಎತ್ತುವುದೂ ಇತ್ತು, ಆದರೆ ಎತ್ತುವಾಗ ಮಂಡಿ ಜೋಲು ಬೀಳದಿದ್ದರೆ ಮಾತ್ರ. ಜೋಲು ಬಿದ್ದರೆ ಮತ್ತೆ ತೊಡೆ ಬಿಗಿ ಹಿಡಿಯುವುದಕ್ಕೇ ವಾಪಸ್. ನಿಮ್ಮ ಪಟ್ಟಿ ಬೇರೆ ಇದ್ದರೆ ನಿಮ್ಮದನ್ನೇ ನಡೆಸಿ.

ಪ್ರಗತಿ ನೋಡುವಾಗ ಬಾಗು ಒಂದನ್ನೇ ಬರೆದಿಡಬೇಡಿ. ಗಟ್ಟಿ ಮಂಚದ ಮೇಲೆ ಮಲಗಿಸಿ, ಮಂಡಿ ಹಿಂದೆ ಎಷ್ಟು ಬೆರಳು ತೂರುತ್ತವೆ ನೋಡಿ. ವಾರದಿಂದ ವಾರಕ್ಕೆ ಅದು ಕಡಿಮೆಯಾಗಬೇಕು. ಅದೇ ಜಾಗದಲ್ಲಿ, ಮಂಡಿಯ ಎತ್ತರಕ್ಕೆ ಮೊಬೈಲ್ ಹಿಡಿದು ಪಕ್ಕದಿಂದ ಒಂದು ಫೋಟೋ ತೆಗೆಯಿರಿ. ಎರಡು ವಾರಕ್ಕೆ 90, ಆರು ವಾರಕ್ಕೆ ಸುಮಾರು 110 ಅನ್ನುವುದು ದಾರಿಯಲ್ಲಿ ಸಿಗುವ ಗುರುತು. ಆಪರೇಷನ್‌ಗೆ ಮುಂಚೆ ಮಂಡಿ ಎಷ್ಟು ಬಾಗುತ್ತಿತ್ತು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ, ಆದ್ದರಿಂದ ಪಕ್ಕದ ಮನೆಯವರ ಅಂಕಿಗೆ ಹೋಲಿಸಬೇಡಿ. ಇನ್ನೊಂದು ಗುರುತು ನಡಿಗೆಯಲ್ಲಿದೆ. ವಾಕರ್ ಹಿಡಿದು ಹೆಜ್ಜೆ ಇಡುವಾಗ ಹಿಮ್ಮಡಿ ಮೊದಲು ನೆಲಕ್ಕೆ ತಾಗಬೇಕು. ಮುಂಗಾಲಲ್ಲೇ ನಡೆಯುತ್ತಿದ್ದರೆ ಮಂಡಿ ನೇರವಾಗುತ್ತಿಲ್ಲ ಎಂದರ್ಥ.

ನಿಲ್ಲಿಸಬೇಕಾದ ಸೂಚನೆಗಳನ್ನು ಫ್ರಿಜ್ ಮೇಲೆ ಬರೆದು ಅಂಟಿಸಿ. ಮಾಡುವಾಗ ಸೆಳೆತ, ನೋವು ಇರುತ್ತದೆ. ಗಂಟೆ-ಎರಡು ಗಂಟೆಯಲ್ಲಿ ಇಳಿದರೆ ಮುಂದುವರಿಸಿ. ಮರುದಿನ ಬೆಳಗ್ಗೆ ಹಿಂದಿನ ದಿನಕ್ಕಿಂತ ಜಾಸ್ತಿ ಊದಿ ಬಿಗಿದಿದ್ದರೆ ಆ ದಿನ ಅರ್ಧ ಮಾಡಿ. ಮಂಡಿ ಮುಟ್ಟಿದರೆ ಬೆಚ್ಚಗಿರುವುದು ತಿಂಗಳುಗಳವರೆಗೂ ಇರಬಹುದು, ಅದಕ್ಕೆ ಹೆದರಬೇಡಿ. ಆದರೆ ಗಾಯದಿಂದ ನೀರು ಅಥವಾ ಕೀವು ಒಸರುವುದು, ಕೆಂಪು ಹರಡುವುದು, ಚಳಿಜ್ವರ ಬಂದರೆ ವ್ಯಾಯಾಮ ನಿಲ್ಲಿಸಿ ಅವತ್ತೇ ಆಪರೇಷನ್ ಮಾಡಿದ ಡಾಕ್ಟರಿಗೆ ತೋರಿಸಿ. ಮೆಡಿಕಲ್ ಶಾಪ್‌ನಿಂದ ಆಂಟಿಬಯೋಟಿಕ್ ತಂದು ನುಂಗಿಸಬೇಡಿ. ಒಳಗಿನ ಸೋಂಕು ಮರೆಯಾಗಿ, ಪರೀಕ್ಷೆಯಲ್ಲಿ ಸಿಗದೇ ಹೋಗಬಹುದು. ಬಿದ್ದ ಮೇಲೆ ಅಥವಾ ಏನೋ ಕಿತ್ತಂತಾದ ಮೇಲೆ ಕಾಲು ಎತ್ತಲಿಕ್ಕೇ ಆಗದಿದ್ದರೂ ತಡ ಮಾಡಬೇಡಿ.

ಮೀನಖಂಡದ ಬಗ್ಗೆ ವಿಶೇಷವಾಗಿ ಹೇಳಬೇಕು. ಪಾದ, ಕಣಕಾಲು ಸ್ವಲ್ಪ ಊದಿ, ಕಾಲು ಎತ್ತರಿಸಿದಾಗ ಇಳಿದರೆ ಸಾಮಾನ್ಯ. ಮೀನಖಂಡ ಬಿಗಿದು, ಬಿಸಿಯಾಗಿ, ಒತ್ತಿದರೆ ನೋವಾಗಿ, ಊತ ಇಳಿಯದೇ ಇದ್ದರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ನಮ್ಮ ಮನೆಗಳಲ್ಲಿ ಕಾಲು ನೋವು ಅಂದ ಕೂಡಲೇ ಯಾರಾದರೂ ಎಣ್ಣೆ ಬಟ್ಟಲು ತಂದು ಉಜ್ಜಲು ಕೂರುತ್ತಾರೆ. ಉಜ್ಜಲು ಬಿಡಬೇಡಿ. ಉಜ್ಜಿದರೆ ಆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಅವತ್ತೇ ಆಸ್ಪತ್ರೆಗೆ ಹೋಗಿ ಕಾಲಿನ ಡಾಪ್ಲರ್ ಸ್ಕ್ಯಾನ್ ಬೇಕಾ ಕೇಳಿ. ಇದ್ದಕ್ಕಿದ್ದಂತೆ ಉಸಿರು ಸಿಗದಿದ್ದರೆ, ಎದೆ ನೋವು ಬಂದರೆ ಫಿಸಿಯೋಗೆ ಮೆಸೇಜ್ ಹಾಕುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ. ರಕ್ತ ತೆಳು ಮಾಡುವ ಮಾತ್ರೆ ಅಥವಾ ಇಂಜೆಕ್ಷನ್ ಕೊಟ್ಟಿದ್ದರೆ ಹೇಳಿದಷ್ಟು ದಿನವೂ ತಪ್ಪಿಸಬೇಡಿ.

ಮನೆಗೆ ಫಿಸಿಯೋ ಕರೆಸುವುದು ಒಳ್ಳೆಯದೇ. ಆದರೆ ಅವರು ಬಂದು ಮುಕ್ಕಾಲು ಗಂಟೆ ಮಾಡಿಸಿ ಹೋದ ಮೇಲೆ ಇಡೀ ದಿನ ದಿಂಬಿನ ಮೇಲೆ ಕಾಲಿದ್ದರೆ ಪ್ರಯೋಜನವಿಲ್ಲ. ದಿನಾ ಕರೆಸಲು ಆಗದಿದ್ದರೆ ವಾರಕ್ಕೊಮ್ಮೆ ಕರೆಸಿ, ನೇರವೂ ಬಾಗೂ ಎರಡನ್ನೂ ಅಳೆಸಿ. ಅದಕ್ಕೂ ಮೊದಲು ಇವತ್ತು ರಾತ್ರಿಯೇ ಆ ಮೆಸೇಜ್‌ಗೆ ಹೀಗೆ ಉತ್ತರ ಹಾಕಿ: "ಹತ್ತನೇ ದಿನ. ಬಾಗು 70ರ ಒಳಗೆ. ಮಂಡಿ ಹಿಂದೆ ಇಷ್ಟು ಬೆರಳು ತೂರುತ್ತಿವೆ, ಪಕ್ಕದ ಫೋಟೋ ಇದೆ. ಬೆಳಗ್ಗೆ ಊತ ಹೀಗಿತ್ತು. ಮೀನಖಂಡ ಮೆತ್ತಗಿದೆ ಅಥವಾ ಬಿಗಿದಿದೆ, ಜ್ವರ ಇದೆ ಅಥವಾ ಇಲ್ಲ. ಇಷ್ಟು ದಿನ ಮಂಡಿ ಕೆಳಗೆ ದಿಂಬು ಇತ್ತು, ಇವತ್ತು ತೆಗೆದೆವು. ನಾಳೆಯಿಂದ ಏನು ಬದಲಾಯಿಸಬೇಕು?"