ಹದಿನೈದು ವರ್ಷ ಮುಗಿದ ಪಿಪಿಎಫ್ ಖಾತೆ: ಮುಂದುವರಿಸುವುದೇ, ಹಣ ತೆಗೆಯುವುದೇ?

ಪ್ರಶ್ನೆ: ನಾನು ಕಾಸರಗೋಡಿನ ಅಂಚೆ ಕಚೇರಿಯಲ್ಲಿ 2009ರ ಆಗಸ್ಟ್‌ನಲ್ಲಿ ಪಿಪಿಎಫ್ ಖಾತೆ ತೆರೆದಿದ್ದೆ. 2025ರ ಮಾರ್ಚ್ ಕೊನೆಗೆ ಅದರಲ್ಲಿ 12 ಲಕ್ಷ ರೂಪಾಯಿ ಇತ್ತು. ಅಲ್ಲಿಂದ ಈಚೆಗೆ ಹಣ ಕಟ್ಟಿಲ್ಲ, ಯಾವ ಅರ್ಜಿಯನ್ನೂ ಕೊಟ್ಟಿಲ್ಲ. 2026ರ ಜೂನ್‌ನಲ್ಲಿ ಮಗಳು ಮಂಗಳೂರಿನಲ್ಲಿ ನಾಲ್ಕು ವರ್ಷದ ಕೋರ್ಸಿಗೆ ಸೇರುವವಳಿದ್ದಾಳೆ, ವರ್ಷಕ್ಕೆ ಒಂದೂವರೆ ಲಕ್ಷ ಬೇಕಾಗುತ್ತದೆ. ಖಾತೆ ಉಳಿಸಿಕೊಂಡು, ವರ್ಷಕ್ಕೆ ಐವತ್ತು ಸಾವಿರ ಕಟ್ಟುತ್ತಾ, ಬೇಕಾದಾಗ ತೆಗೆಯಲು ಆಗುತ್ತದೆಯೇ? ಅರ್ಧ ಮಾತ್ರ ಕೊಡುತ್ತಾರೆ ಎಂದು ಕೆಲವರು ಹೇಳುತ್ತಾರೆ. ಹೆಂಡತಿಯ ಖಾತೆಯೂ ಇದೆ, 2019ರ ನವೆಂಬರ್‌ನದು. ಅದರಿಂದ ಎಷ್ಟು ತೆಗೆಯಬಹುದು?

ಉತ್ತರ: ಆಗುತ್ತದೆ, ಆದರೆ 2026ರ ಮಾರ್ಚ್ 31ರೊಳಗೆ ನೀವು ಅಂಚೆ ಕಚೇರಿಗೆ ಒಂದು ಅರ್ಜಿ ಕೊಡಲೇಬೇಕು. ಅರ್ಧ ಎಂಬ ಮಿತಿ ಅನ್ವಯಿಸುವುದು ನಿಮ್ಮ ಹೆಂಡತಿಯ ಖಾತೆಗೆ, ನಿಮ್ಮದಕ್ಕಲ್ಲ. ಬದಿಯಡ್ಕದ ಕಡೆಯವನಾದ ನಾನು ಅಂಚೆ ಇಲಾಖೆಯಲ್ಲಿ ಉಳಿತಾಯ ವಿಭಾಗದ ಕೌಂಟರಿನಲ್ಲಿ ಕುಳಿತು ನಿವೃತ್ತನಾಗಿದ್ದೇನೆ. ಈ ಎರಡು ಮಿತಿಗಳನ್ನು ಜನ ಬೆರೆಸಿಕೊಳ್ಳುವುದನ್ನು ಅಲ್ಲಿ ಆಗಾಗ ನೋಡುತ್ತಿದ್ದೆ.

ಮೊದಲು ದಿನಾಂಕದ ಲೆಕ್ಕವನ್ನು ನೋಡೋಣ. ಪಿಪಿಎಫ್‌ನ ಹದಿನೈದು ವರ್ಷಗಳನ್ನು ಖಾತೆ ತೆರೆದ ದಿನದಿಂದ ಎಣಿಸುವುದಿಲ್ಲ. ಖಾತೆ ತೆರೆದ ಆರ್ಥಿಕ ವರ್ಷ ಮುಗಿದ ಮೇಲೆ ಎಣಿಸುತ್ತಾರೆ. ನಿಮ್ಮ ಖಾತೆ 2009-10ರಲ್ಲಿ ತೆರೆದದ್ದು, ಆ ವರ್ಷ ಮುಗಿದದ್ದು 2010ರ ಮಾರ್ಚ್ 31ಕ್ಕೆ, ಅಲ್ಲಿಂದ ಹದಿನೈದು ವರ್ಷ ಕಳೆದದ್ದು 2025ರ ಮಾರ್ಚ್ 31ಕ್ಕೆ. ಹಾಗಾಗಿ ಹೆಸರಿಗೆ ಹದಿನೈದಾದರೂ ಕಂತು ಕಟ್ಟಲು ಸಿಗುವುದು ಹದಿನಾರು ಆರ್ಥಿಕ ವರ್ಷ. ಅವಧಿ ಮುಗಿದ ದಿನದಿಂದ ಒಂದು ವರ್ಷದೊಳಗೆ ಖಾತೆಯನ್ನು ಹೇಗೆ ಮುಂದುವರಿಸುತ್ತೀರಿ ಎಂದು ತಿಳಿಸುವ ಅವಕಾಶವನ್ನು ನಿಯಮ ಕೊಡುತ್ತದೆ, ಮತ್ತು ನೀವು ಈಗ ಇರುವುದು ಆ ಒಂದು ವರ್ಷದ ಒಳಗೆ.

ಅರ್ಜಿ ಕೊಡದಿದ್ದರೂ ಬಡ್ಡಿಯೇನೂ ನಿಂತಿಲ್ಲ. ಅವಧಿ ಮುಗಿದ ಖಾತೆಯನ್ನು ಮುಚ್ಚದೆ ಸುಮ್ಮನೆ ಬಿಟ್ಟರೆ ಅದು ಕಂತು ಇಲ್ಲದ ಖಾತೆಯಾಗಿ ತಾನೇ ಮುಂದುವರಿಯುತ್ತದೆ, ಇದ್ದ ಹಣಕ್ಕೆ ಚಾಲ್ತಿಯಲ್ಲಿರುವ ದರದಲ್ಲಿ ಬಡ್ಡಿ ಸೇರುತ್ತಲೇ ಇರುತ್ತದೆ. ಸರಕಾರ ಈ ದರವನ್ನು ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತದೆ. 2020ರ ಏಪ್ರಿಲ್‌ನಲ್ಲಿ ಅದು ಶೇಕಡಾ 7.1ಕ್ಕೆ ಇಳಿದು ಅಲ್ಲೇ ನಿಂತಿದೆ. ಇಂಥ ಖಾತೆಯಿಂದ ಎಷ್ಟು ಬೇಕಾದರೂ ತೆಗೆಯಬಹುದು, ಆದರೆ ಆರ್ಥಿಕ ವರ್ಷಕ್ಕೆ ಒಂದೇ ಸಲ. ಇದರಲ್ಲಿರುವ ಮುಖ್ಯ ಕೊರತೆ ಒಂದೇ: ಒಂದು ವರ್ಷ ಹೀಗೆ ಕಳೆದುಹೋದರೆ ಆ ಖಾತೆಗೆ ಮತ್ತೆ ಹಣ ಕಟ್ಟುವ ಹಕ್ಕು ಸಿಗುವುದಿಲ್ಲ. ನಿಮಗೆ ಆ ಬಾಗಿಲು ಮುಚ್ಚುವುದು 2026ರ ಮಾರ್ಚ್ 31ಕ್ಕೆ.

ಎರಡನೆಯ ದಾರಿ ಕಂತು ಕಟ್ಟುತ್ತಾ ಐದು ವರ್ಷಕ್ಕೆ ವಿಸ್ತರಿಸುವುದು. ಇದಕ್ಕೆ 2019ರ ಪಿಪಿಎಫ್ ಯೋಜನೆಯ ನಮೂನೆ 4 ತುಂಬಿ ಕೊಡಬೇಕು. ಹಳಬರು ಇದನ್ನು ಇನ್ನೂ ಎಚ್ ಫಾರಂ ಎಂದೇ ಕರೆಯುತ್ತಾರೆ. ನೀವು ಅರ್ಜಿಯನ್ನು ಯಾವ ತಿಂಗಳಲ್ಲಿ ಕೊಟ್ಟರೂ ಈ ಐದು ವರ್ಷಗಳು 2025ರ ಏಪ್ರಿಲ್ 1ರಿಂದಲೇ ಆರಂಭವಾಗಿ 2030ರ ಮಾರ್ಚ್ 31ಕ್ಕೆ ಮುಗಿಯುತ್ತವೆ. ಕಂತಿನ ನಿಯಮ ಮೊದಲಿನದೇ: ವರ್ಷಕ್ಕೆ ಕನಿಷ್ಠ 500 ರೂಪಾಯಿ, ಗರಿಷ್ಠ 1,50,000 ರೂಪಾಯಿ. ನಿಮ್ಮ ಐವತ್ತು ಸಾವಿರವನ್ನು ಒಂದೇ ಕಂತಿನಲ್ಲಾಗಲಿ, ಬಿಡಿಬಿಡಿಯಾಗಲಿ ಕಟ್ಟಬಹುದು. 2025-26ನೇ ಸಾಲಿನ ಕಂತನ್ನು ಮಾತ್ರ ಈ ಮಾರ್ಚ್ 31ರೊಳಗೆ ಮರೆಯದೆ ಕಟ್ಟಿ.

ಅರ್ಜಿ ಕೊಟ್ಟ ಮೇಲೆಯೇ ಹಣ ಕಟ್ಟಬೇಕು, ಮೊದಲಲ್ಲ. ಅವಧಿ ಮುಗಿದ ಖಾತೆಗೆ ನಮೂನೆ ಕೊಡದೆ ಕಟ್ಟಿದ ಹಣವನ್ನು ಕ್ರಮಬದ್ಧವಲ್ಲದ ಠೇವಣಿ ಎಂದು ಪರಿಗಣಿಸುತ್ತಾರೆ. ಅದಕ್ಕೆ ಬಡ್ಡಿ ಇಲ್ಲ, ಆದಾಯ ತೆರಿಗೆಯ 80ಸಿ ರಿಯಾಯಿತಿಯೂ ಇಲ್ಲ. ಬ್ಯಾಂಕಿನಲ್ಲಿ ಸ್ವಯಂಚಾಲಿತ ಪಾವತಿಗೆ ಬರೆದುಕೊಟ್ಟು ಮರೆತವರಿಗೆ ಇದು ಹೆಚ್ಚಾಗಿ ಆಗುತ್ತದೆ: ತಿಂಗಳು ತಿಂಗಳು ಹಣ ಹೋಗುತ್ತಿರುತ್ತದೆ, ಪಾಸ್‌ಬುಕ್ಕಿನಲ್ಲಿ ಜಮಾ ಕೂಡ ಕಾಣುತ್ತದೆ, ಖಾತೆ ಮುಚ್ಚುವಾಗ ಮಾತ್ರ ಆ ಹಣಕ್ಕೆ ಬಡ್ಡಿ ಬಂದಿಲ್ಲ ಎಂದು ತಿಳಿಯುತ್ತದೆ. ಆದ್ದರಿಂದ ನಮೂನೆ ಕೊಟ್ಟಾಗ ಸ್ವೀಕೃತಿಯ ಮುದ್ರೆ ಹಾಕಿದ ಪ್ರತಿಯೊಂದನ್ನು ಇಟ್ಟುಕೊಳ್ಳಿ, ಮತ್ತು ಕಂಪ್ಯೂಟರಿನಲ್ಲಿ ನಿಮ್ಮ ಖಾತೆಯ ಹೊಸ ಮುಕ್ತಾಯ ದಿನಾಂಕ ಯಾವುದೆಂದು ಕೌಂಟರಿನಲ್ಲಿ ಕೇಳಿ. 31-03-2030 ಎಂದು ಬಂದಿದ್ದರೆ ವಿಸ್ತರಣೆ ದಾಖಲಾಗಿದೆ.

ಕಂತಿನೊಂದಿಗೆ ವಿಸ್ತರಿಸಿದ ಖಾತೆಯಲ್ಲಿ ಹಣ ತೆಗೆಯುವ ಮಿತಿ ಬೇರೆ. ವಿಸ್ತರಣೆ ಆರಂಭವಾದಾಗ ಇದ್ದ ಮೊತ್ತದ ಶೇಕಡಾ 60ರಷ್ಟನ್ನು ಆ ಐದು ವರ್ಷಗಳಲ್ಲಿ ಒಟ್ಟಾರೆಯಾಗಿ ತೆಗೆಯಬಹುದು, ಅದೂ ವರ್ಷಕ್ಕೆ ಒಂದು ಸಲದಂತೆ. ನಿಮ್ಮ 12,00,000 ರೂಪಾಯಿಗೆ ಇದು 7,20,000 ಆಗುತ್ತದೆ. ನೀವು ಮುಂದೆ ಕಟ್ಟುವ ಹಣದಿಂದಲೋ ಬಡ್ಡಿಯಿಂದಲೋ ಖಾತೆ ಬೆಳೆದರೂ ಈ 7,20,000 ಬೆಳೆಯುವುದಿಲ್ಲ.

ಇದನ್ನು ಮಗಳ ಓದಿನ ಪಕ್ಕಕ್ಕೆ ಇಟ್ಟು ನೋಡಿ. ಶುಲ್ಕ ಬೇಕಾಗುವುದು 2026-27, 2027-28, 2028-29 ಮತ್ತು 2029-30ರಲ್ಲಿ. ನಾಲ್ಕೂ ವರ್ಷ ವಿಸ್ತರಣೆಯ ಅವಧಿಯೊಳಗೇ ಬರುತ್ತವೆ. ವರ್ಷಕ್ಕೆ ಒಂದೂವರೆ ಲಕ್ಷದಂತೆ ಒಟ್ಟು 6,00,000 ಆಗುತ್ತದೆ, ಮಿತಿಯೊಳಗೆ ಇನ್ನೂ 1,20,000 ಉಳಿಯುತ್ತದೆ. ಹಾಗಾಗಿ ನಿಮ್ಮ ಸ್ಥಿತಿಯಲ್ಲಿ ನಾನಾದರೆ ಕಂತಿನೊಂದಿಗೇ ವಿಸ್ತರಿಸುತ್ತಿದ್ದೆ, ಏಕೆಂದರೆ ಕಟ್ಟುವ ಹಕ್ಕನ್ನು ಒಮ್ಮೆ ಬಿಟ್ಟರೆ ಮರಳಿ ಸಿಗುವುದಿಲ್ಲ, ಆದರೆ ಕಂತಿಲ್ಲದ ಕ್ರಮಕ್ಕೆ ಐದು ವರ್ಷ ಮುಗಿದ ಮೇಲೆ ಯಾವಾಗಲೂ ಹೋಗಬಹುದು. ಈ ನಾಲ್ಕು ವರ್ಷದೊಳಗೆ ಮನೆ ಕಟ್ಟುವ ಅಥವಾ ಜಾಗ ಕೊಳ್ಳುವ ಯೋಚನೆ ಇದ್ದು ಒಮ್ಮೆಲೇ ಎಂಟು ಹತ್ತು ಲಕ್ಷ ಬೇಕಾಗಬಹುದಾದರೆ ಮಾತ್ರ ಈ ಸಲಹೆ ತಿರುಗುತ್ತದೆ. ಆಗ ಅರ್ಜಿ ಕೊಡದೆ ಖಾತೆಯನ್ನು ಹಾಗೆಯೇ ಬಿಡುವುದು ಲೇಸು. ಇನ್ನು, ಕಾಲೇಜು ಶುಲ್ಕವನ್ನು ಸೆಮಿಸ್ಟರ್ ಲೆಕ್ಕದಲ್ಲಿ ಕೇಳಿದರೂ ನೀವು ವರ್ಷದ ಎರಡೂ ಕಂತನ್ನು ಒಟ್ಟಿಗೆ ತೆಗೆದಿಡಬೇಕು, ಏಕೆಂದರೆ ಅದೇ ಆರ್ಥಿಕ ವರ್ಷದಲ್ಲಿ ಎರಡನೆಯ ಸಲ ಕೊಡುವುದಿಲ್ಲ.

ಹಣ ತೆಗೆಯುವ ದಿನವೂ ಮುಖ್ಯ. ತಿಂಗಳ 5ನೇ ತಾರೀಕು ಮುಗಿದಾಗಿನಿಂದ ತಿಂಗಳ ಕೊನೆಯವರೆಗೆ ಖಾತೆಯಲ್ಲಿದ್ದ ಅತಿ ಕಡಿಮೆ ಮೊತ್ತಕ್ಕೆ ಆ ತಿಂಗಳ ಬಡ್ಡಿಯನ್ನು ಲೆಕ್ಕ ಹಾಕುತ್ತಾರೆ, ವರ್ಷದ ಕೊನೆಗೆ ಜಮಾ ಮಾಡುತ್ತಾರೆ. ಒಂದೂವರೆ ಲಕ್ಷವನ್ನು ಮೇ 28ಕ್ಕೆ ತೆಗೆದರೆ ಆ ಹಣಕ್ಕೆ ಇಡೀ ಮೇ ತಿಂಗಳ ಬಡ್ಡಿ, ಎಂದರೆ ಸುಮಾರು 887 ರೂಪಾಯಿ, ಹೋಗುತ್ತದೆ. ಜೂನ್ 1ಕ್ಕೆ ತೆಗೆದರೆ ಹೋಗುವುದಿಲ್ಲ. ಕಟ್ಟುವಾಗಲೂ ಇದೇ ಲೆಕ್ಕ: 5ರೊಳಗೆ ಕಟ್ಟಿದರೆ ಆ ತಿಂಗಳಿನಿಂದಲೇ ಬಡ್ಡಿ. ಚೆಕ್ಕು ಕೊಡುವುದಾದರೆ ಅದು ನಗದಾದ ದಿನವನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ, ಆದ್ದರಿಂದ 4ಕ್ಕೆ ಕೊಟ್ಟ ಚೆಕ್ಕಿನಿಂದ ಪ್ರಯೋಜನವಾಗದು.

ಕಚೇರಿಗೆ ಹೋಗುವ ಮೊದಲು ಎರಡು ವಿಷಯ ನೋಡಿಕೊಳ್ಳಿ. ಹಳೆಯ ಖಾತೆಗಳಿಗೂ 2023ರಿಂದ ಆಧಾರ್ ಮತ್ತು ಪಾನ್ ಕೊಡುವುದು ಕಡ್ಡಾಯವಾಗಿದೆ. ಕೊಡದಿದ್ದರೆ ಖಾತೆಯ ವ್ಯವಹಾರ ತಡೆಹಿಡಿದಿರಬಹುದು. ಇನ್ನೊಂದು ನಮ್ಮ ಊರುಗಳಲ್ಲಿ ಹೆಚ್ಚಾಗಿ ಕಾಣುವ ತೊಡಕು: ಖಾತೆ ತೆರೆದಾಗ ಕನ್ನಡದಲ್ಲಿ ಸಹಿ ಹಾಕಿದವರು ಈಗ ಇಂಗ್ಲಿಷಿನಲ್ಲಿ ಹಾಕುತ್ತಿರುತ್ತಾರೆ, ಸಹಿ ಹೊಂದಲಿಲ್ಲ ಎಂದು ಅರ್ಜಿ ಹಿಂದೆ ಬರುತ್ತದೆ. ಹಾಗಿದ್ದರೆ ಮೊದಲು ಗುರುತಿನ ದಾಖಲೆ ಕೊಟ್ಟು ಸಹಿಯನ್ನು ಬದಲಾಯಿಸಿಕೊಳ್ಳಿ. ಮಾರ್ಚ್ ಕೊನೆಯ ವಾರಕ್ಕೆ ಇದನ್ನು ಬಿಡಬೇಡಿ, ಆಗಿನ ನೂಕುನುಗ್ಗಲಿನಲ್ಲಿ ಸರಿಪಡಿಸಲು ಸಮಯ ಸಿಗುವುದು ಕಷ್ಟ.

ಇದುವರೆಗೆ ಹೇಳಿದ್ದೆಲ್ಲ ನೀವು ಊರಲ್ಲೇ ಇರುವವರು ಎಂಬ ಲೆಕ್ಕದಲ್ಲಿ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವವರು ಇರುವ ಮನೆಗಳು ನಮ್ಮ ಜಿಲ್ಲೆಯಲ್ಲಿ ಬಹಳ, ಅದಕ್ಕಾಗಿ ಹೇಳುತ್ತಿದ್ದೇನೆ: ಅನಿವಾಸಿಯಾದವರು ಊರಲ್ಲಿದ್ದಾಗ ತೆರೆದ ಖಾತೆಯನ್ನು ಹದಿನೈದು ವರ್ಷ ಮುಗಿಯುವವರೆಗೆ ನಡೆಸಬಹುದು, ಆಮೇಲೆ ವಿಸ್ತರಿಸಲು ಬರುವುದಿಲ್ಲ. ಹಾಗೆ ವಿಸ್ತರಣೆಯಾಗಿ ಉಳಿದ ಅನಿವಾಸಿಗಳ ಖಾತೆಗೆ 2024ರ ಅಕ್ಟೋಬರ್ 1ರಿಂದ ಬಡ್ಡಿಯೇ ಇಲ್ಲ.

ಈಗ ನಿಮ್ಮ ಹೆಂಡತಿಯ ಖಾತೆ. ಅದು ಇನ್ನೂ ಮೂಲ ಅವಧಿಯಲ್ಲಿದೆ, ಮುಗಿಯುವುದು 2035ರ ಮಾರ್ಚ್ 31ಕ್ಕೆ. ಮೂಲ ಅವಧಿಯಲ್ಲಿ ಭಾಗಶಃ ಹಣ ತೆಗೆಯಲು, ಖಾತೆ ತೆರೆದ ಆರ್ಥಿಕ ವರ್ಷ ಮುಗಿದ ಮೇಲೆ ಐದು ವರ್ಷ ಕಳೆದಿರಬೇಕು. ಅವರದು 2019-20ರ ಖಾತೆಯಾದ್ದರಿಂದ 2025ರ ಏಪ್ರಿಲ್ 1ರಿಂದ ಆ ಹಕ್ಕು ಬಂದಿದೆ. ಇದೂ ವರ್ಷಕ್ಕೆ ಒಂದೇ ಸಲ. ಎಷ್ಟು ಎಂಬುದರಲ್ಲಿ ಜನ ಎಡವುತ್ತಾರೆ: ಈಗ ಇರುವ ಮೊತ್ತದ ಅರ್ಧವಲ್ಲ. ತೆಗೆಯುವ ವರ್ಷಕ್ಕಿಂತ ಹಿಂದಿನ ನಾಲ್ಕನೆಯ ವರ್ಷದ ಕೊನೆಗೆ ಇದ್ದ ಮೊತ್ತ ಮತ್ತು ಹಿಂದಿನ ವರ್ಷದ ಕೊನೆಗೆ ಇದ್ದ ಮೊತ್ತ, ಇವೆರಡರಲ್ಲಿ ಕಡಿಮೆಯಾದುದರ ಅರ್ಧ.

2025-26ರಲ್ಲಿ ತೆಗೆಯುವುದಾದರೆ ನೋಡಬೇಕಾದದ್ದು 2022ರ ಮಾರ್ಚ್ 31ರ ಮತ್ತು 2025ರ ಮಾರ್ಚ್ 31ರ ಮೊತ್ತ. ಅವರು ವರ್ಷಕ್ಕೆ ಒಂದು ಲಕ್ಷ ಕಟ್ಟಿದ್ದು, ಮೊದಲಿನ ದಿನ 3,40,000 ಮತ್ತು ಎರಡನೆಯ ದಿನ 7,60,000 ಇತ್ತು ಎಂದಿಟ್ಟುಕೊಳ್ಳಿ. ಸಿಗುವುದು 1,70,000 ರೂಪಾಯಿ, 3,80,000 ಅಲ್ಲ. ಯಾವುದಾದರೂ ವರ್ಷ ಕನಿಷ್ಠ 500 ಕಟ್ಟದೆ ಖಾತೆ ಸ್ಥಗಿತವಾಗಿದ್ದರೆ, ತಪ್ಪಿದ ಪ್ರತಿ ವರ್ಷಕ್ಕೂ 500 ರೂಪಾಯಿ ಕಂತು ಮತ್ತು 50 ರೂಪಾಯಿ ದಂಡ ಕಟ್ಟಿ ಚಾಲ್ತಿಗೆ ತಂದ ಮೇಲಷ್ಟೇ ಈ ಹಣ ಕೊಡುತ್ತಾರೆ. ಪಾಸ್‌ಬುಕ್ಕಿನಲ್ಲಿ 2022ರ ಮಾರ್ಚ್ 31ರ ಬಡ್ಡಿ ಜಮಾ ಆದ ಸಾಲಿನ ಮುಂದೆ ಇರುವ ಮೊತ್ತವನ್ನು ನೋಡಿದರೆ ನಿಜವಾದ ಅಂಕಿ ನಿಮಗೆ ಮನೆಯಲ್ಲೇ ಸಿಗುತ್ತದೆ.