ಓದೋಕೆ ಚೆನ್ನಾಗಿದ್ದರೆ ಅನುವಾದ ಒಳ್ಳೆಯದು ಎನ್ನಬಹುದೇ?

ಪ್ರಶ್ನೆ: ಇಂಗ್ಲಿಷಿನಿಂದ ಕನ್ನಡಕ್ಕೆ ಬಂದಿರುವ ಒಂದು ಔಷಧಿ ಮಾಹಿತಿ ಪತ್ರವನ್ನು ಪರಿಶೀಲಿಸಲು ಕೊಟ್ಟಿದ್ದಾರೆ. ಓದೋಕೆ ಚೆನ್ನಾಗಿದೆ ಅನ್ನಿಸುತ್ತೆ. ಅಷ್ಟು ಸಾಕಾ? ತಪ್ಪುಗಳನ್ನು ಹೇಗೆ ಗುರುತಿಸಿ, ಹೇಗೆ ತೂಗುವುದು?

ಉತ್ತರ: ಸಾಲದು. ಎಡವುತ್ತಾ ಸಾಗುವ ವಾಕ್ಯದಲ್ಲಿ ತಪ್ಪಿದ್ದರೆ ಓದುಗನಿಗೇ ಅನುಮಾನ ಬರುತ್ತದೆ. ಸಲೀಸಾಗಿ ಓದಿಸಿಕೊಳ್ಳುವ ವಾಕ್ಯದಲ್ಲಿನ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಗಾಗಿ ನಾನು ಎರಡು ಸುತ್ತು ಓದುತ್ತೇನೆ, ಎರಡನ್ನೂ ಬೆರೆಸುವುದಿಲ್ಲ.

ಮೊದಲ ಸುತ್ತಿನಲ್ಲಿ ಮೂಲವನ್ನು ಮುಚ್ಚಿಟ್ಟು ಕನ್ನಡವನ್ನಷ್ಟೇ ಓದಿ, ಎಲ್ಲಿ ತಡವರಿಸಿದಿರೋ ಅಲ್ಲೊಂದು ಗುರುತು ಹಾಕಿ. ಇಂಗ್ಲಿಷನ್ನು ಮೊದಲೇ ಓದಿಬಿಟ್ಟರೆ ಅನುವಾದದಲ್ಲಿ ಇಲ್ಲದ ಅರ್ಥವನ್ನು ಮನಸ್ಸು ತಾನೇ ತುಂಬಿಕೊಳ್ಳುತ್ತದೆ, ಭಾಷೆಯ ತೊಡಕು ಗೊತ್ತೇ ಆಗುವುದಿಲ್ಲ. ಈ ಸುತ್ತಿನಲ್ಲಿ ಸಿಗುವುದು 'ಮಕ್ಕಳ ತಲುಪುವಿಕೆಯಿಂದ ದೂರವಿಡಿ' ಎಂಬಂಥವು. 'ಮಕ್ಕಳ ಕೈಗೆ ಸಿಗದಂತೆ ಇಡಿ' ಎಂದಿರಬೇಕಿತ್ತು. 'ವೈದ್ಯರಿಂದ ಸೂಚಿಸಲ್ಪಟ್ಟಿದ್ದಲ್ಲಿ' ಎನ್ನುವುದೂ ಇದೇ ಜಾತಿ. 'ವೈದ್ಯರು ಹೇಳಿದ್ದರೆ' ಎಂದರೆ ಮುಗಿಯಿತು. ಒಂದು ಕಡೆ 'ಮಾತ್ರೆ', ಇನ್ನೊಂದು ಕಡೆ 'ಗುಳಿಗೆ' ಎಂದಿದ್ದರೆ ಅದು ಪದಬಳಕೆಯ ತಪ್ಪು. ಎರಡೂ ಸರಿಯಾದ ಪದಗಳೇ, ಆದರೆ ಇವು ಎರಡು ಬೇರೆ ಔಷಧಿಗಳೇನೋ ಎಂದು ರೋಗಿಗೆ ಅನ್ನಿಸಬಾರದು.

ಎರಡನೆಯ ಸುತ್ತಿನಲ್ಲಿ ಮೂಲವನ್ನು ಪಕ್ಕದಲ್ಲಿಟ್ಟು ವಾಕ್ಯ ವಾಕ್ಯವನ್ನೂ ಹೋಲಿಸಬೇಕು. ಸಂಖ್ಯೆ, ನಿಷೇಧ, ಷರತ್ತು, ಮಿತಿ, 'ಬಹುದು–ಬೇಕು' ಇವುಗಳ ಮೇಲೆ ಬೆರಳಿಟ್ಟೇ ನೋಡಿ. ಒಂದು ಉದಾಹರಣೆ ಹೇಳುತ್ತೇನೆ. ಎರಡು ಮಾತ್ರೆಗಳ ನಡುವೆ ಕನಿಷ್ಠ 6 ಗಂಟೆ ಬಿಡಬೇಕು, ವೈದ್ಯರು ಹೇಳದ ಹೊರತು 24 ಗಂಟೆಯಲ್ಲಿ ಮೂರಕ್ಕಿಂತ ಹೆಚ್ಚು ಮಾತ್ರೆ ತೆಗೆದುಕೊಳ್ಳಬಾರದು ಎಂಬುದು ಮೂಲದ ಅರ್ಥ ಎಂದುಕೊಳ್ಳಿ. ಅನುವಾದ ಹೀಗಿದೆ: 'ಮೊದಲ ಮಾತ್ರೆ ತೆಗೆದುಕೊಂಡ 6 ಗಂಟೆಯೊಳಗೆ ಎರಡನೆಯದನ್ನು ತೆಗೆದುಕೊಳ್ಳಿ. ವೈದ್ಯರು ಹೇಳದಿದ್ದರೆ ದಿನಕ್ಕೆ ಮೂರಕ್ಕಿಂತ ಹೆಚ್ಚು ಬೇಡ.' ಕನ್ನಡ ಎಷ್ಟು ಸರಾಗ ನೋಡಿ! ಎರಡನೆಯ ವಾಕ್ಯ ಹೆಚ್ಚುಕಡಿಮೆ ಸರಿ. '24 ಗಂಟೆ' ಎಂಬುದು 'ದಿನ' ಆಗಿರುವುದು ಮಾತ್ರ ಸಡಿಲ, ಏಕೆಂದರೆ ರಾತ್ರಿ ಹನ್ನೆರಡಾದ ಮೇಲೆ ಹೊಸ ಲೆಕ್ಕ ಎಂದು ಓದುಗ ತಿಳಿಯಬಹುದು. ಮೊದಲನೆಯದರಲ್ಲಿ ಅರ್ಥವೇ ತಲೆಕೆಳಗು. ಕಾಯಬೇಕಾದ ಅವಧಿ ಗಡುವಾಗಿಬಿಟ್ಟಿದೆ.

ಈಗ ತೂಕ. ಅನುವಾದದ ಗುಣಮಟ್ಟ ಅಳೆಯುವ ಎಂಕ್ಯೂಎಂ, ಅಂದರೆ ಮಲ್ಟಿಡೈಮೆನ್ಷನಲ್ ಕ್ವಾಲಿಟಿ ಮೆಟ್ರಿಕ್ಸ್, ಎಂಬ ಚೌಕಟ್ಟು ಈ ಕೆಲಸದಲ್ಲಿ ಬಹಳ ಬಳಕೆಯಲ್ಲಿದೆ. ಮೂಲದ ಅರ್ಥಕ್ಕೆ ನಿಷ್ಠೆ, ಭಾಷೆ, ಪರಿಭಾಷೆ, ಶೈಲಿ ಮುಂತಾಗಿ ತಪ್ಪನ್ನು ಮೊದಲು ವಿಂಗಡಿಸಿ, ಆಮೇಲೆ ಅದರ ಗಂಭೀರತೆಗೆ ದಂಡದ ಅಂಕ ಹಾಕುತ್ತಾರೆ. ಸಣ್ಣದಕ್ಕೆ 1, ದೊಡ್ಡದಕ್ಕೆ 5, ಅಪಾಯಕಾರಿಗೆ 25 ಎಂಬುದು ಒಂದು ರೂಢಿಯ ಲೆಕ್ಕ. ಗಂಭೀರತೆಯನ್ನು ಅಳೆಯುವುದು ತಪ್ಪು ನೋಡಲು ಎಷ್ಟು ಒರಟಾಗಿದೆ ಎಂಬುದರಿಂದಲ್ಲ, ಅದನ್ನು ನಂಬಿದವನಿಗೆ ಏನಾಗುತ್ತದೆ ಎಂಬುದರಿಂದ. 'ತಲುಪುವಿಕೆ' ಕಿವಿಗೆ ಹಿಂಸೆ, ಆದರೂ ಸಣ್ಣದೇ. '24 ಗಂಟೆ' ಹೋಗಿ 'ದಿನ' ಆಗಿರುವುದನ್ನು ಔಷಧಿ ಪತ್ರದಲ್ಲಿ ನಾನು ದೊಡ್ಡದು ಎಂದೇ ಬರೆಯುತ್ತೇನೆ. '6 ಗಂಟೆಯೊಳಗೆ' ಅಪಾಯಕಾರಿ.

400 ಪದಗಳ ಪತ್ರಕ್ಕೆ ಎರಡು ಅನುವಾದಗಳಿವೆ ಎನ್ನಿ. ಒಂದರಲ್ಲಿ ಎಂಟು ಸಣ್ಣ ತಪ್ಪು, ಒಂದು ದೊಡ್ಡದು: 13 ಅಂಕ, ಸಾವಿರ ಪದಕ್ಕೆ 32.5. ಇನ್ನೊಂದರಲ್ಲಿ ಎರಡು ಸಣ್ಣದು, ಒಂದು ಅಪಾಯಕಾರಿ: 27 ಅಂಕ, ಸಾವಿರಕ್ಕೆ 67.5. ಓದಲು ಹಿತವಾಗಿದ್ದುದು ಎರಡನೆಯದೇ. ಅಂದಹಾಗೆ, ಅಪಾಯಕಾರಿ ತಪ್ಪು ಒಂದೇ ಇದ್ದರೂ ನಾನು ಮೊತ್ತ ನೋಡದೆ ವಾಪಸ್ ಕಳಿಸುತ್ತೇನೆ. ಎಷ್ಟು ಅಂಕದವರೆಗೆ ಒಪ್ಪಬಹುದು ಎಂಬ ಮಿತಿಯನ್ನು ಕೆಲಸ ಕೊಟ್ಟವರ ಜೊತೆ ಮೊದಲೇ ಗೊತ್ತುಮಾಡಿಕೊಳ್ಳಿ. ತಪ್ಪು ಎಣಿಸಿದ ಮೇಲೆ ಮಿತಿ ಹಾಕಿದರೆ ಜಗಳವೇ. ಪಠ್ಯ ತೀರಾ ಚಿಕ್ಕದಾಗಿದ್ದರೆ, ಐವತ್ತು ಪದದ್ದು ಎನ್ನಿ, ಸಾವಿರಕ್ಕೆ ಹಿಗ್ಗಿಸಿದ ಅಂಕವನ್ನು ನಂಬಬೇಡಿ. ಅಲ್ಲಿ ಒಂದು ಸಣ್ಣ ತಪ್ಪೇ 20 ಆಗಿಬಿಡುತ್ತದೆ.

ಒಂದೇ ಪದದ ತಪ್ಪು ಹನ್ನೆರಡು ಸಲ ಬಂದಿದ್ದರೆ ನಾನು ಒಂದೇ ಸಲ ಎಣಿಸಿ, ಉಳಿದ ಜಾಗಗಳನ್ನು ಗುರುತಿಸಿ ಕೊಡುತ್ತೇನೆ. ಮೂಲದಲ್ಲೇ ತಪ್ಪಿದ್ದರೆ ಅದು ಅನುವಾದಕರ ಲೆಕ್ಕಕ್ಕೆ ಬರುವುದಿಲ್ಲ, ಪ್ರತ್ಯೇಕ ಟಿಪ್ಪಣಿಯಾಗಬೇಕು.

ಪರಿಶೀಲಕರೇ ಅತಿ ಹೆಚ್ಚು ಎಡವುವ ಜಾಗ ಸ್ವಂತ ರುಚಿ. 'ತೆಗೆದುಕೊಳ್ಳಿ' ಇದ್ದಲ್ಲಿ 'ಸೇವಿಸಿ' ಎಂದು ತಿದ್ದಲು ಕೈ ತುರಿಸುತ್ತದೆ. ತಿದ್ದುವ ಮೊದಲು ಆ ತಪ್ಪಿಗೆ ಒಂದು ವರ್ಗದ ಹೆಸರು ಕೊಟ್ಟು, ಕಾರಣವನ್ನು ಒಂದು ಸಾಲಿನಲ್ಲಿ ಬರೆಯಲು ನೋಡಿ. 'ಹೀಗಿದ್ದರೆ ಚೆನ್ನ' ಎಂಬುದನ್ನು ಬಿಟ್ಟು ಬೇರೇನೂ ಹೊಳೆಯದಿದ್ದರೆ ಅನುವಾದಕರು ಬರೆದದ್ದನ್ನು ಹಾಗೆಯೇ ಬಿಡಿ.