ಚರ್ಚ್‌ನಲ್ಲಿ ಹತ್ತರಲ್ಲೊಂದು ಪಾಲು, ನಮ್ಮ ದಾನಕ್ಕೆ ಲೆಕ್ಕ ಯಾಕಿಲ್ಲ?

"ನನ್ನ ಆಫೀಸಿನ ಗೆಳೆಯ ಕ್ರೈಸ್ತ. ಪ್ರತಿ ತಿಂಗಳು ಸಂಬಳದಲ್ಲಿ ಹತ್ತರಲ್ಲೊಂದು ಭಾಗ ಚರ್ಚ್‌ಗೆ ಎತ್ತಿಡ್ತಾನೆ. ನಮ್ಮನೇಲಿ ತೋಚಿದಾಗ ತೋಚಿದಷ್ಟು ಕೊಡ್ತೀವಿ. ಹಿಂದೂಗಳಲ್ಲಿ, ಬೌದ್ಧರಲ್ಲಿ ಇಷ್ಟು ಕೊಡಬೇಕು ಅಂತ ನಿಯಮ ಇಲ್ವಾ?"

ನಿಯಮ ಇದೆ, ಆದರೆ ಅದು ಇನ್ನೊಂದು ತುದಿಯಲ್ಲಿದೆ. ನಿಮ್ಮ ಗೆಳೆಯ ಕೊಡುವ ಹತ್ತರಲ್ಲೊಂದು ಪಾಲು, ಅಂದರೆ ದಶಮಾಂಶ, ಹೇಳುವುದು "ಇದಕ್ಕಿಂತ ಕಡಿಮೆ ಕೊಡಬೇಡ" ಎಂದು. ನಮ್ಮ ಧರ್ಮಶಾಸ್ತ್ರ ಮತ್ತು ಬೌದ್ಧ ಭಿಕ್ಷುಗಳ ನಿಯಮಗಳು ಹೇಳುವುದು "ಇದಕ್ಕಿಂತ ಜಾಸ್ತಿ ಕೊಡಬೇಡ, ಜಾಸ್ತಿ ತೆಗೆದುಕೊಳ್ಳಬೇಡ" ಎಂದು. ನಾನು ಚಾಮರಾಜಪೇಟೆಯಲ್ಲಿ ಲೆಕ್ಕಪತ್ರ ನೋಡುವ ಕೆಲಸದವನು. ದೇವಸ್ಥಾನದ ಟ್ರಸ್ಟ್‌ಗಳ ಪುಸ್ತಕವೂ ಚರ್ಚ್‌ಗಳ ಪುಸ್ತಕವೂ ನನ್ನ ಮೇಜಿಗೆ ಬರುತ್ತವೆ. ಹಾಗಾಗಿ ಈ ವಿಷಯ ಸ್ವಲ್ಪ ಓದಿಕೊಂಡಿದ್ದೇನೆ.

ಮೊದಲು ನಿಮ್ಮ ಗೆಳೆಯನ ಹತ್ತರಲ್ಲೊಂದು ಎಲ್ಲಿಂದ ಬಂತು ಎಂದು ನೋಡೋಣ. ಬೈಬಲ್‌ನ ಹಳೆಯ ಒಡಂಬಡಿಕೆಯಲ್ಲಿ ಇಸ್ರಾಯೇಲಿನ ಕುಲಗಳಿಗೆ ಭೂಮಿ ಹಂಚಿಕೆಯಾಗುತ್ತದೆ. ಲೇವಿ ಕುಲದವರಿಗೆ ಮಾತ್ರ ಪಾಲು ಸಿಗುವುದಿಲ್ಲ, ಅವರು ದೇವರ ಗುಡಾರದ ಕೆಲಸಕ್ಕೆ ನಿಂತವರು. ಭೂಮಿಗೆ ಬದಲಾಗಿ ಮಿಕ್ಕವರ ಬೆಳೆಯಲ್ಲಿ ಹತ್ತನೇ ಒಂದು ಭಾಗ ಅವರಿಗೆ. ಅಂದರೆ ಇದು ದಾನವೇ ಅಲ್ಲ, ಕೊಡಲೇಬೇಕಾದ ಬಾಕಿ. ಬೆಳೆಯ ಬದಲು ದುಡ್ಡು ಕೊಡುತ್ತೇನೆ ಎಂದರೆ ಬೆಲೆಯ ಮೇಲೆ ಐದನೇ ಒಂದು ಭಾಗ ಸೇರಿಸಬೇಕು ಎಂದು ಯಾಜಕಕಾಂಡದಲ್ಲಿದೆ.

ಒಬ್ಬ ರೈತನಿಗೆ 100 ಮೂಟೆ ಗೋಧಿ ಬಂತು ಎಂದುಕೊಳ್ಳಿ. ಯಾಜಕರಿಗೆ ಮೊದಲೇ ತೆಗೆದಿಡುವ ಸಣ್ಣ ಪಾಲನ್ನು ಬಿಟ್ಟುಬಿಡೋಣ. 10 ಮೂಟೆ ಲೇವಿಯರಿಗೆ ಹೋಯಿತು. ಆ ಲೇವಿಯರು ತಮ್ಮ ಹತ್ತರಲ್ಲಿ 1 ಮೂಟೆಯನ್ನು ಯಾಜಕರಿಗೆ ಕೊಡಬೇಕು. ಉಳಿದ 90ರಲ್ಲಿ ರೈತ ಮತ್ತೆ 9 ಮೂಟೆ ತೆಗೆಯುತ್ತಾನೆ. ಇದನ್ನು ಯೆರೂಸಲೇಮಿಗೆ ಒಯ್ದು ಮನೆಮಂದಿಯ ಜೊತೆ ಕೂತು ತಾನೇ ಊಟ ಮಾಡಬೇಕು! ಊರು ದೂರವಿದ್ದರೆ ಮಾರಿ ದುಡ್ಡು ಒಯ್ದು ಅಲ್ಲಿ ಬೇಕಾದ್ದು ಕೊಳ್ಳಬಹುದು. ಮೂರನೇ ಮತ್ತು ಆರನೇ ವರ್ಷ ಮಾತ್ರ ಈ ಎರಡನೇ ಪಾಲು ಬಡವರಿಗೆ, ವಿಧವೆಯರಿಗೆ, ಅನಾಥರಿಗೆ, ಪರದೇಶಿಗಳಿಗೆ. ಏಳನೇ ವರ್ಷ ಹೊಲ ಬೀಡು, ಆಗ ಪಾಲೂ ಇಲ್ಲ. ಯೆಹೂದಿ ಪಂಡಿತರು ಕಟ್ಟಿದ ಲೆಕ್ಕ ಇದು.

ಇನ್ನು ನಮ್ಮ ಕಡೆ. ಯಾಜ್ಞವಲ್ಕ್ಯ ಸ್ಮೃತಿ ನೇರವಾಗಿ ಹೇಳುತ್ತದೆ: ಕುಟುಂಬಕ್ಕೆ ತೊಂದರೆಯಾಗದ ಹಾಗೆ ತನ್ನದನ್ನು ಕೊಡಬೇಕು. ಮನುಸ್ಮೃತಿ ಇನ್ನೂ ಖಾರ. ತನ್ನವರು ಕಷ್ಟದಲ್ಲಿರುವಾಗ ಹೊರಗಿನವರಿಗೆ ಕೊಡುವವನ ದಾನ ಮೊದಲು ಜೇನು, ರುಚಿ ನೋಡಿದರೆ ವಿಷ, ಅದು ಧರ್ಮದ ವೇಷ ಅಷ್ಟೇ ಎನ್ನುತ್ತದೆ. ಕೆಳಮಿತಿ ಬಗ್ಗೆ ಇಷ್ಟು ಖಡಕ್ಕಾದ ಮಾತು ನನಗೆ ಅಲ್ಲಿ ಕಂಡಿಲ್ಲ.

ಬಲಿ ಚಕ್ರವರ್ತಿಯ ಕಥೆ ನಿಮಗೆ ಗೊತ್ತೇ ಇದೆ. ವಾಮನ ಮೂರು ಹೆಜ್ಜೆ ಕೇಳಿದಾಗ ಶುಕ್ರಾಚಾರ್ಯ ತಡೆಯುತ್ತಾನಲ್ಲ, ಆಗ ಭಾಗವತದಲ್ಲಿ ಅವನು ಒಂದು ಲೆಕ್ಕ ಹೇಳುತ್ತಾನೆ. ಸಂಪತ್ತನ್ನು ಐದು ಭಾಗ ಮಾಡು: ಧರ್ಮಕ್ಕೆ, ಕೀರ್ತಿಗೆ, ಮತ್ತೆ ಹಣ ಬೆಳೆಸಲು, ಸುಖಕ್ಕೆ, ತನ್ನವರಿಗೆ. ಧರ್ಮಕ್ಕೆ ಐದರಲ್ಲೊಂದು ಅಂದರೆ ದಶಮಾಂಶದ ಎರಡರಷ್ಟಾಯಿತು. ಆದರೆ ಗುರು ಅದನ್ನು ಹೇಳಿದ್ದು ಕೊಡಿಸಲು ಅಲ್ಲ, ಕೈ ತಡೆಯಲು. ಬಲಿ ಕೇಳಲಿಲ್ಲ, ನೀರು ಬಿಟ್ಟ, ಎಲ್ಲ ಹೋಯಿತು. ಪುರಾಣ ಮಿತಿ ಮೀರಿದವನನ್ನೇ ಹೊಗಳುತ್ತದೆ, ಸ್ಮೃತಿ ಸಂಸಾರಿಗೆ ಮಿತಿ ಹಾಕುತ್ತದೆ. ನಮ್ಮ ಮನೆಗಳು ಕಥೆಯನ್ನು ಬಾಯಲ್ಲಿಟ್ಟುಕೊಂಡು ಸ್ಮೃತಿಯ ಹಾಗೆ ನಡೆಯುತ್ತವೆ.

ಬೌದ್ಧರಲ್ಲಿ ಮಿತಿ ಬೀಳುವುದು ತೆಗೆದುಕೊಳ್ಳುವವನ ಮೇಲೆ. ನನಗೆ ತುಂಬ ಇಷ್ಟವಾದ ಭಾಗ ಇದೇ. ಕಾಣಾ ಎಂಬ ಹುಡುಗಿ ತವರಿಗೆ ಬಂದಿದ್ದಳು. ಗಂಡನ ಮನೆಗೆ ಬರಿಗೈಲಿ ಕಳಿಸುವುದು ಹೇಗೆ ಎಂದು ತಾಯಿ ಕಜ್ಜಾಯದಂಥ ತಿಂಡಿ ಮಾಡಿದಳು. ಭಿಕ್ಷುವೊಬ್ಬ ಬಂದ, ಕೊಟ್ಟಳು. ಅವನು ಇನ್ನೊಬ್ಬನಿಗೆ ಹೇಳಿದ, ಅವನು ಮತ್ತೊಬ್ಬನಿಗೆ. ತಿಂಡಿ ಮುಗಿಯಿತು, ಪ್ರಯಾಣ ನಿಂತಿತು. ಮತ್ತೆ ಮಾಡಿದಳು, ಮತ್ತೆ ಹಾಗೇ ಆಯಿತು. ಕಾದು ಬೇಸತ್ತ ಗಂಡ ಬೇರೆ ಮದುವೆಯಾದ. ಆಗ ಬುದ್ಧ ಮಾಡಿದ ನಿಯಮ: ಇಂಥ ಮನೆಯಲ್ಲಿ ಎಷ್ಟೇ ಒತ್ತಾಯ ಮಾಡಿದರೂ ಎರಡು ಮೂರು ಪಾತ್ರೆಗಿಂತ ಹೆಚ್ಚು ತೆಗೆದುಕೊಳ್ಳಬಾರದು. ತಾಯಿಗೆ "ಕೊಡಬೇಡಮ್ಮ" ಎಂದು ಯಾರೂ ಹೇಳಲಿಲ್ಲ, ನೋಡಿ. ಇನ್ನೂ ಒಂದು ನಿಯಮವಿದೆ. ಶ್ರದ್ಧೆ ಹೆಚ್ಚಾಗಿ, ಕೊಟ್ಟು ಕೊಟ್ಟು ಬಡವಾಗುತ್ತಿರುವ ಮನೆಯನ್ನು ಸಂಘ ಗುರುತಿಸಿಬಿಡಬಹುದು. ಆಮೇಲೆ ಕಾಯಿಲೆಯಿಲ್ಲದ ಭಿಕ್ಷು ಕರೆಯದೆ ಆ ಮನೆಯಲ್ಲಿ ಊಟ ಸ್ವೀಕರಿಸುವ ಹಾಗಿಲ್ಲ.

ಗಾಂಧಿನಗರದ ಮಹಾಬೋಧಿ ಸೊಸೈಟಿಯಂಥ ಕಡೆ ಭಿಕ್ಷುಗಳಿಗೆ ಊಟ ಕೊಡಬೇಕು ಎಂದಿದ್ದರೆ ಮೊದಲೇ ಫೋನ್ ಮಾಡಿ ದಿನ ಕೇಳಿ. ಥೇರವಾದ ಭಿಕ್ಷುಗಳು ಮಧ್ಯಾಹ್ನ ಆದ ಮೇಲೆ ಊಟ ಮಾಡುವುದಿಲ್ಲ, ಮತ್ತು ಅನ್ನವನ್ನು ಕೈಯಾರೆ ಅವರಿಗೆ ಒಪ್ಪಿಸಬೇಕು.

ಮತ್ತೆ ನಿಮ್ಮ ಗೆಳೆಯನ ಸಂಬಳಕ್ಕೆ ಬರೋಣ. ಹೊಸ ಒಡಂಬಡಿಕೆಯಲ್ಲಿ, ಮೊದಲ ಕಾಲದ ಸಭೆಗಳಿಗೆ ಪತ್ರ ಬರೆದ ಪೌಲ ಯಾವ ಅಂಕಿಯನ್ನೂ ಹೇಳುವುದಿಲ್ಲ. ಒಬ್ಬೊಬ್ಬನು ಮನಸ್ಸಿನಲ್ಲಿ ನಿಶ್ಚಯಿಸಿದಷ್ಟು ಕೊಡಲಿ, ಒತ್ತಾಯಕ್ಕೆ ಬೇಡ ಎನ್ನುತ್ತಾನೆ. ಹತ್ತರಲ್ಲೊಂದು ಕಾನೂನಾಗಿ ಯುರೋಪಿಗೆ ಬಂದದ್ದು ಆಮೇಲೆ. 779ರಲ್ಲಿ ಚಾರ್ಲ್‌ಮೇನ್ ತನ್ನ ರಾಜ್ಯದಲ್ಲಿ ಅದನ್ನು ಕಡ್ಡಾಯ ಮಾಡಿದ. ಫ್ರಾನ್ಸ್ ಕ್ರಾಂತಿಯ ಹೊತ್ತಿಗೆ 1789ರಲ್ಲಿ ರದ್ದು ಮಾಡಿತು. ಇವತ್ತು ಕ್ಯಾಥೊಲಿಕರ ಚರ್ಚ್ ಕಾನೂನಿನಲ್ಲಿ ಚರ್ಚ್‌ನ ಅಗತ್ಯಕ್ಕೆ ನೆರವಾಗಬೇಕು ಎಂದಿದೆ, ಶೇಕಡಾ ಎಷ್ಟು ಎಂದಿಲ್ಲ. ದಶಮಾಂಶಕ್ಕೆ ಜಾಸ್ತಿ ಒತ್ತು ಕೊಡುವುದು ಪೆಂಟೆಕೋಸ್ಟಲ್ ಸಭೆಗಳು. ಅಲ್ಲಿ ನಿಜವಾಗಿ ನಡೆಯುವ ಚರ್ಚೆ ಏನು ಗೊತ್ತಾ? ಸಂಬಳ 50,000, ಪಿಎಫ್ ಟ್ಯಾಕ್ಸ್ ಕಳೆದು ಕೈಗೆ 42,000 ಬಂದರೆ, ಕೊಡಬೇಕಾದ್ದು 5,000ವೋ 4,200ವೋ? ಪುದೀನ, ಸಬ್ಬಸಿಗೆ, ಜೀರಿಗೆಯಲ್ಲೂ ಹತ್ತರಲ್ಲೊಂದು ಎಣಿಸಿ ನ್ಯಾಯ, ದಯೆ ಮರೆತವರನ್ನು ಯೇಸು ಬೈದದ್ದು ಇಂಥದ್ದಕ್ಕೇ ಇರಬೇಕು.

ಆದರೂ ಲೆಕ್ಕ ನೋಡುವವನಾಗಿ ಹೇಳುತ್ತೇನೆ, ಕೆಳಮಿತಿಗೆ ಒಂದು ಲಾಭವಿದೆ. ದಶಮಾಂಶ ಬರುವ ಚರ್ಚ್ ಏಪ್ರಿಲ್‌ನಲ್ಲೇ ವರ್ಷದ ಬಜೆಟ್ ಬರೆಯಬಹುದು. ದೇವಸ್ಥಾನಕ್ಕೆ ಕಾರ್ತಿಕದಲ್ಲಿ ಹುಂಡಿ ತುಂಬುತ್ತದೆ, ಆಷಾಢದಲ್ಲಿ ಖಾಲಿ, ಅರ್ಚಕರ ಸಂಬಳ ಮಾತ್ರ ಪ್ರತಿ ತಿಂಗಳು. ಇದಕ್ಕೆಂದೇ ಟ್ರಸ್ಟ್‌ಗಳು ಶಾಶ್ವತ ಪೂಜೆ ಎಂದು ಮಾಡಿದವು. ಒಮ್ಮೆ ಒಂದು ಮೊತ್ತ ಕಟ್ಟಿ, ಬಡ್ಡಿಯಲ್ಲಿ ಪ್ರತಿ ವರ್ಷ ನಿಮ್ಮ ಹೆಸರಲ್ಲಿ ಪೂಜೆ. ಬ್ಯಾಂಕಿನಲ್ಲಿ 1,001 ರೂಪಾಯಿಗೆ ಶೇಕಡಾ 7ರ ಬಡ್ಡಿ ಸಿಕ್ಕರೂ ವರ್ಷಕ್ಕೆ 70 ರೂಪಾಯಿ. ಅದರಲ್ಲಿ ಇವತ್ತು ಗಾಂಧಿಬಜಾರಿನಲ್ಲಿ ಒಂದು ಒಳ್ಳೆ ಹಾರ ಬರುವುದಿಲ್ಲ. ಅಜ್ಜನ ಕಾಲದಲ್ಲಿ ಕಟ್ಟಿದ ರಸೀದಿ ನಿಮ್ಮ ಮನೆಯಲ್ಲೂ ಇದ್ದರೆ, ಆ ಪೂಜೆಯ ಖರ್ಚು ಈಗ ಯಾವ ಲೆಕ್ಕದಿಂದ ಹೋಗುತ್ತಿದೆ ಎಂದು ಟ್ರಸ್ಟ್‌ನಲ್ಲಿ ಒಮ್ಮೆ ಕೇಳಿ ನೋಡಿ.